ಥೀಸಿಸ್ ಪುರಾಣ: ಕೃತಿಚೌರ್ಯ ಅಂದ್ರೆ ಎಲ್ಲಿಂದ ಎಲ್ಲಿವರೆಗೆ, ಮೇಡಂ?

(1)

ನಮ್ಮ ಕಿರುಪ್ರಬಂಧದ ಮಾರ್ಗಸೂಚಿ ನಿಮ್ಮ ಹತ್ರನೂ ಇರುತ್ತೆ, ತೆಗೆದು ನೋಡಿ. ಅಕ್ಷರದ ಗಾತ್ರ ಎಷ್ಟಿರಬೇಕು, ಎಡಗಡೆ ಎಷ್ಟು ಜಾಗ ಬಿಡಬೇಕು, ರಟ್ಟಿನ ಬಣ್ಣ ಯಾವುದು, ಎಷ್ಟು ಪ್ರತಿ ಬೈಂಡ್ ಮಾಡಿಸಬೇಕು, ಇದಕ್ಕೆಲ್ಲ ಪುಟಗಟ್ಟಲೆ ವಿವರಣೆ. ಕೃತಿಚೌರ್ಯಕ್ಕೆ ಮಾತ್ರ ಒಂದೇ ಸಾಲು: ಪ್ರಬಂಧ ಕೃತಿಚೌರ್ಯದಿಂದ ಮುಕ್ತವಾಗಿರತಕ್ಕದ್ದು. ಕೊನೇ ಪುಟದಲ್ಲಿ ಒಂದು ಮುಚ್ಚಳಿಕೆ, ಅದರ ಕೆಳಗೆ ನಾವು ಸಹಿ ಹಾಕಬೇಕು.

ಯಾವುದರಿಂದ ಮುಕ್ತವಾಗಿದೀನಿ ಅಂತ ಗೊತ್ತಿಲ್ಲದೆ ಸಹಿ ಹಾಕೋದು ಹೇಗೆ? ಅದಕ್ಕೇ ನಮ್ಮ ಗೈಡ್ ಮೇಡಂಗೆ ಒಂದು ಕಾಗದ ಬರೆದೆ. ವಾಟ್ಸಾಪಲ್ಲಿ ಕೇಳಿದ್ರೆ "ನಾಳೆ ಬಾ" ಅಂತಿದ್ರು, ನಾಳೆ ಹೋದ್ರೆ ಸ್ಟಾಫ್ ರೂಮಲ್ಲಿ ಹತ್ತು ಜನ ಇರ್ತಿದ್ರು. ಕಾಗದದಲ್ಲಿ ಬರೆದ್ರೆ ಪ್ರಶ್ನೆ ಏನು ಅಂತ ನಮಗೂ ಸ್ಪಷ್ಟ ಆಗುತ್ತೆ. ಅವರು ಅದರ ಅಂಚಿನಲ್ಲೇ ಪೆನ್ಸಿಲಲ್ಲಿ ಉತ್ತರ ಬರೆದು, ಆಮೇಲೆ ಒಂದು ಗಂಟೆ ಕೂರಿಸಿಕೊಂಡು ಮಾತಾಡಿದ್ರು. ಅವರ ಒಪ್ಪಿಗೆ ಕೇಳಿ ಇಲ್ಲಿ ಹಾಕ್ತಿದೀನಿ. ಮುಂದೆ ಬರೋ ಉತ್ತರಗಳು ನನ್ನವಲ್ಲ, ಅವರದು. (ಈ ವಿಷಯದ ಪೋಸ್ಟಲ್ಲೇ ಇದನ್ನ ಹೇಳದೇ ಇದ್ರೆ ನೀವು ಬಿಡ್ತೀರಾ!)

(2)

ಕಾಗದ ಇದು, ಸ್ವಲ್ಪ ಕಡಿಮೆ ಮಾಡಿದೀನಿ:

"ಮೇಡಂ ಅವರಿಗೆ ನಮಸ್ಕಾರಗಳು.

ಕೆರೆ ನೀರಾವರಿ ಮತ್ತು ನೀರಗಂಟಿಗಳ ಬಗ್ಗೆ ನಾನು ಬರೆಯುತ್ತಿರುವ ಪ್ರಬಂಧದ ಎರಡನೇ ಅಧ್ಯಾಯ ಶುರುವಾಗಿದೆ. ಮುಂದೆ ಹೋಗುವ ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳಬೇಕು. ಮಾರ್ಗಸೂಚಿಯಲ್ಲಿ ಕೃತಿಚೌರ್ಯ ಎಂಬ ಪದವಿದೆ. ಪುಸ್ತಕದ ಸಾಲುಗಳನ್ನು ಇದ್ದ ಹಾಗೇ ಇಳಿಸುವುದು ತಪ್ಪು ಎನ್ನುವುದು ಗೊತ್ತು. ಅದರಾಚೆಗೆ ಗೆರೆ ಎಲ್ಲಿದೆ ಎನ್ನುವುದು ಗೊತ್ತಿಲ್ಲ. ಇಂಗ್ಲಿಷ್ ಲೇಖನ ಓದಿ ಕನ್ನಡದಲ್ಲಿ ಬರೆದರೆ ವಾಕ್ಯ ನನ್ನದೇ ಅಲ್ಲವೇ? ಒಂದು ಪುಸ್ತಕದಲ್ಲಿ ಶಾಸನದ ಉಲ್ಲೇಖ ಇದ್ದರೆ, ಅದೇ ಅಡಿಟಿಪ್ಪಣಿಯನ್ನು ನಾನು ಬಳಸಬಹುದೇ? ಹೋದ ಸೆಮಿಸ್ಟರಿನ ಸೆಮಿನಾರ್ ಪೇಪರಿನ ನಾಲ್ಕು ಪುಟ ನಾನೇ ಬರೆದದ್ದು, ಅದನ್ನು ಇಲ್ಲಿ ಸೇರಿಸಿದರೆ ಯಾರ ಕಳ್ಳತನ? ನೀರಗಂಟಿ ತಾತ ಹೇಳಿದ ಮಾತು ಎಲ್ಲೂ ಅಚ್ಚಾಗಿಲ್ಲ. ಅಚ್ಚಾಗದ ಮಾತಿಗೂ ಕೃತಿಚೌರ್ಯ ಅನ್ವಯಿಸುತ್ತದೆಯೇ?

ಹತ್ತು ಪರ್ಸೆಂಟ್ ಒಳಗೆ ಬಂದರೆ ಚಿಂತೆಯಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಾಲ್ಕು ಪರ್ಸೆಂಟ್ ಬಂದಿದ್ದ ಸೀನಿಯರ್ ಒಬ್ಬರಿಗೆ ಏನಾಯಿತೆಂದು ನಿಮಗೆ ಗೊತ್ತು. ಹಾಗಾದರೆ ಆ ಸಂಖ್ಯೆ ಅಳೆಯುವುದು ಏನನ್ನು?"

ಆ ಸೀನಿಯರ್ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಹೆಸರು, ವಿಭಾಗ ಬೇಡ. ಸಾಫ್ಟ್‌ವೇರ್ ವರದಿಯಲ್ಲಿ 4% ಹೋಲಿಕೆ ಬಂದು, ಎಲ್ಲರೂ ಸಿಹಿ ಹಂಚಿದ ಮೇಲೆ, ವೈವಾದಲ್ಲಿ ಪರೀಕ್ಷಕರು ಮೂರನೇ ಅಧ್ಯಾಯವನ್ನ ಮುಂದಿಟ್ಟು "ಈ ವಾದ ನಾನು ಇಂಗ್ಲಿಷಲ್ಲಿ ಓದಿದೀನಲ್ಲಪ್ಪ" ಅಂದ್ರಂತೆ. ಅಧ್ಯಾಯಕ್ಕೆ ಅಧ್ಯಾಯವೇ ಒಂದು ಲೇಖನದ ಅನುವಾದ. ಮೂಲದ ಹೆಸರು ಗ್ರಂಥಸೂಚಿಯಲ್ಲಿತ್ತು, ಅಧ್ಯಾಯದ ಒಳಗೆ ಎಲ್ಲೂ ಇರಲಿಲ್ಲ.

(3)

ಮೇಡಂ ಮೊದಲು ಸಂಖ್ಯೆಯ ಭೂತ ಬಿಡಿಸಿದ್ರು. ನಮ್ಮ ವಿಶ್ವವಿದ್ಯಾಲಯಗಳು ಹೇಳೋ ಪರ್ಸೆಂಟೇಜ್ ಎಲ್ಲ ಬಂದಿರೋದು ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮಗಳಿಂದ. ಅಲ್ಲಿ ಕೃತಿಚೌರ್ಯದ ವ್ಯಾಖ್ಯಾನ ಒಂದೇ ವಾಕ್ಯ: ಬೇರೆಯವರ ಕೃತಿಯನ್ನ ಅಥವಾ ವಿಚಾರವನ್ನ ತೆಗೆದುಕೊಂಡು ತನ್ನದು ಅಂತ ತೋರಿಸೋದು. ಮೇಡಂ "ಅಥವಾ ವಿಚಾರವನ್ನ" ಅನ್ನೋದರ ಕೆಳಗೆ ಎರಡು ಗೆರೆ ಎಳೆದ್ರು. ಪದ ಮಾತ್ರ ಅಲ್ಲ, ವಿಚಾರ ಕೂಡ.

ಆಮೇಲೆ ಹಂತಗಳು. ಹೋಲಿಕೆ 10% ವರೆಗೆ ಇದ್ದರೆ ಅದನ್ನ ಸಣ್ಣಪುಟ್ಟದ್ದು ಅಂತ ಬಿಡ್ತಾರೆ, ದಂಡನೆ ಇಲ್ಲ. 10 ದಾಟಿ 40 ರವರೆಗೆ ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಮತ್ತೆ ಕೊಡಬೇಕು. 40 ದಾಟಿ 60 ರವರೆಗೆ ಆದ್ರೆ ತಿದ್ದಿದ ಪ್ರತಿ ಕೊಡೋಕೂ ಒಂದು ವರ್ಷ ಬಿಡಲ್ಲ. 60 ದಾಟಿದ್ರೆ ನೋಂದಣಿಯೇ ರದ್ದು. ಪದವಿ ಸಿಕ್ಕ ಮೇಲೆ ಸಾಬೀತಾದ್ರೆ ಆ ಪದವಿಯನ್ನೇ ಇಷ್ಟು ಕಾಲ ಅಂತ ತಡೆಹಿಡಿಯೋಕೆ ಅವಕಾಶ ಇದೆ.

ಈ ಪಟ್ಟಿ ಓದಿದವರು ಸಾಮಾನ್ಯವಾಗಿ ಒಂದು ವಿಷಯ ಬಿಟ್ಟುಬಿಡ್ತಾರೆ. ಸಾರಾಂಶ, ಪ್ರಮೇಯ, ವೀಕ್ಷಣೆ, ಫಲಿತಾಂಶ, ತೀರ್ಮಾನ, ಶಿಫಾರಸು, ಇವೆಲ್ಲ ಸ್ವಂತ ವಿಚಾರದಿಂದ ಬಂದಿರಬೇಕು, ಅಲ್ಲಿ ಹೋಲಿಕೆಯೇ ಇರಬಾರದು ಅಂತ ಅದೇ ನಿಯಮ ಹೇಳುತ್ತೆ. ಅಂದ್ರೆ "ನೂರಕ್ಕೆ ಹತ್ತು ಕದಿಯಬಹುದು" ಅಂತ ಯಾರೂ ರಜೆ ಕೊಟ್ಟಿಲ್ಲ. ನಿಮ್ಮ ಒಟ್ಟು ಹೋಲಿಕೆ 6% ಇದ್ದು, ಆ ಆರೂ ಬಂದಿರೋದು ತೀರ್ಮಾನದ ಅಧ್ಯಾಯದಿಂದ ಅಂದ್ರೆ ಅದು ಚಿಕ್ಕ ವಿಷಯ ಅಲ್ಲ.

ಉಲ್ಟಾ ಕೂಡ ನಿಜ. ಮೂಲ ಹೇಳಿ ಉದ್ಧರಣ ಚಿಹ್ನೆಯೊಳಗೆ ಹಾಕಿದ ಸಾಲು, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಠ್ಯ, ಸೂತ್ರಗಳು, ಇವನ್ನ ಲೆಕ್ಕಕ್ಕೆ ಹಿಡಿಯಬಾರದು. ಚೆಕ್ ಮಾಡೋರು ಆ ಆಯ್ಕೆಗಳನ್ನ ಸರಿಯಾಗಿ ಒತ್ತದೇ ಇದ್ರೆ ಪ್ರಾಮಾಣಿಕ ಪ್ರಬಂಧಕ್ಕೂ ಇಪ್ಪತ್ತು, ಇಪ್ಪತ್ತೈದು ಬರುತ್ತೆ. ಹಾಗೆ ಬಂದಾಗ ಅಳೋಕೆ ಕೂರಬೇಡಿ. ಬಣ್ಣ ಹಚ್ಚಿದ ಪೂರ್ತಿ ವರದಿ ಕೇಳಿ, ಯಾವ ಸಾಲು ಯಾವ ಮೂಲಕ್ಕೆ ತಾಳೆಯಾಗಿದೆ ಅಂತ ಒಂದೊಂದಾಗಿ ನೋಡಿ.

(4)

ಈಗ ಕನ್ನಡದಲ್ಲಿ ಬರೆಯೋ ನಮ್ಮಂಥವರ ವಿಶೇಷ ಸಮಸ್ಯೆ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಸಾಮಾನ್ಯ ತಿಳಿವಳಿಕೆಯ ಅಥವಾ ಕಾಕತಾಳೀಯವಾಗಿ ಹೊಂದಿದ ಪದಗಳು ಒಂದರ ಹಿಂದೊಂದು 14 ರವರೆಗೆ ಇದ್ರೆ ಅದನ್ನ ಬಿಡಬಹುದು. ಮೇಡಂ ಒಂದು ಮಾದರಿ ವಾಕ್ಯ ಕಟ್ಟಿ ಕೊಟ್ರು. ಯಾವ ಪುಸ್ತಕದ್ದೂ ಅಲ್ಲ, ಅಭ್ಯಾಸಕ್ಕೆ ಅಂತ:

"ನೀರು ಕಡಿಮೆಯಿದ್ದ ವರ್ಷಗಳಲ್ಲಿ ನೀರಗಂಟಿಯು ತೂಬನ್ನು ಸರದಿಯ ಮೇಲೆ ತೆರೆದು ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರು ಮುಟ್ಟುವಂತೆ ನೋಡಿಕೊಳ್ಳುತ್ತಿದ್ದನು. ಅವನ ತೀರ್ಮಾನವನ್ನು ಊರು ಒಪ್ಪುತ್ತಿದ್ದುದಕ್ಕೆ ಕಾರಣ, ಆ ಅಚ್ಚುಕಟ್ಟಿನಲ್ಲಿ ಅವನಿಗೆ ಸ್ವಂತ ಗದ್ದೆ ಇಲ್ಲದಿದ್ದುದೇ."

ಮೊದಲ ವಾಕ್ಯದ ಪದ ಎಣಿಸಿ. ಸರಿಯಾಗಿ 14. ಇದನ್ನೇ ಇಂಗ್ಲಿಷಲ್ಲಿ ಬರೆದು ಎಣಿಸಿದೆ, 28 ಆಯ್ತು. ನಮ್ಮ ಭಾಷೆಯಲ್ಲಿ ವಿಭಕ್ತಿ, ಕಾಲ ಎಲ್ಲ ಪದಕ್ಕೇ ಅಂಟಿಕೊಳ್ಳುತ್ತೆ ನೋಡಿ, "ಅಚ್ಚುಕಟ್ಟಿನಲ್ಲಿ" ಅನ್ನೋದು ನಮಗೆ ಒಂದು ಪದ, ಅವರಿಗೆ ನಾಲ್ಕು. ಹಾಗಾಗಿ ಇಂಗ್ಲಿಷಲ್ಲಿ ಅರ್ಧ ವಾಕ್ಯ ಬಿಡೋ ಜರಡಿ ಕನ್ನಡದಲ್ಲಿ ಇಡೀ ವಾಕ್ಯವನ್ನೇ ಕೆಳಗೆ ಬೀಳಿಸುತ್ತೆ. ಯಂತ್ರ ಬಿಟ್ಟಿದೆ ಅಂದ ಮಾತ್ರಕ್ಕೆ ಆ ವಾಕ್ಯ ನಮ್ಮದಾಗಲ್ಲ.

ಇನ್ನೂ ಎರಡು ತೂತುಗಳಿವೆ. ಹಳೇ ಕನ್ನಡ ಪುಸ್ತಕಗಳು ಅಂತರ್ಜಾಲದಲ್ಲಿ ಇದ್ರೂ ಹೆಚ್ಚಿನವು ಸ್ಕ್ಯಾನ್ ಮಾಡಿದ ಚಿತ್ರಗಳು, ಅದರೊಳಗಿನ ಅಕ್ಷರವನ್ನ ಸಾಫ್ಟ್‌ವೇರ್ ಓದೋಕೆ ಆಗ್ದೇ ಇರಬಹುದು. ಇನ್ನು ನುಡಿಯ ಹಳೇ ಫಾಂಟಲ್ಲಿ ಟೈಪ್ ಮಾಡಿದ ಪಠ್ಯ ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿಗೆ ಬದಲಿಸದೆ ಅಪ್‌ಲೋಡ್ ಮಾಡಿದ್ರೆ ಸೊನ್ನೆ ಬಂದ್ರೂ ಆಶ್ಚರ್ಯ ಇಲ್ಲ. ಆ ಸೊನ್ನೆಗೆ ಏನೂ ಅರ್ಥ ಇಲ್ಲ. ಕನ್ನಡದ ಪ್ರಬಂಧಕ್ಕೆ 2% ಬಂದಿದೆ ಅಂತ ಸ್ಟೇಟಸ್ ಹಾಕೋರನ್ನ ಕಂಡ್ರೆ ನನಗೆ ಈಗ ಸ್ವಲ್ಪ ನಗು ಬರುತ್ತೆ, ಕ್ಷಮಿಸಿ.

(5)

ಅದೇ ಮಾದರಿಯನ್ನ ಇಟ್ಕೊಂಡು ಮೇಡಂ ಮೂರು ರೀತಿ ಬರೆಸಿದ್ರು. ಇದು ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು, ನಿಧಾನವಾಗಿ ಓದಿ.

ಮೊದಲನೇ ರೀತಿ: "ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರಗಂಟಿ ಸರದಿಯ ಪ್ರಕಾರ ತೂಬು ಎತ್ತಿ, ಅಚ್ಚುಕಟ್ಟಿನ ತುದಿಯ ಗದ್ದೆಗೂ ನೀರು ತಲುಪುವ ಹಾಗೆ ಮಾಡುತ್ತಿದ್ದ. ಅವನ ಮಾತಿಗೆ ಊರಿನವರು ತಲೆಬಾಗುತ್ತಿದ್ದರು, ಯಾಕೆಂದರೆ ಅವನಿಗೆ ಅಲ್ಲಿ ಜಮೀನು ಇರಲಿಲ್ಲ." ಪದಗಳೆಲ್ಲ ಬದಲಾಗಿವೆ, ಸಾಫ್ಟ್‌ವೇರ್ ತುಟಿ ಬಿಚ್ಚಲ್ಲ. ಆದ್ರೆ ವಾಕ್ಯದ ಅಸ್ಥಿಪಂಜರ ಅದೇ, ವಿಷಯ ಬರೋ ಕ್ರಮ ಅದೇ, ಕಾರಣವೂ ಅದೇ. ಮೂಲದ ಹೆಸರೇ ಇಲ್ಲದಿದ್ರೆ ಇದು ನೇರ ಕೃತಿಚೌರ್ಯ. ಕೊನೆಯಲ್ಲಿ ಒಂದು ಅಡಿಟಿಪ್ಪಣಿ ಹಾಕಿದ್ರೆ? "ಆಗ ಕಳ್ಳತನ ಅನ್ನಲ್ಲ, ಆದ್ರೆ ಅರ್ಧ ಸುಳ್ಳು ಅಂತೀನಿ" ಅಂದ್ರು. ಯಾಕಂದ್ರೆ ಓದೋರು ವಿಚಾರ ಮಾತ್ರ ಅವರದು, ಬರವಣಿಗೆ ನಿಮ್ಮದು ಅಂದ್ಕೊಳ್ತಾರೆ. ಇಷ್ಟು ಹತ್ತಿರ ಇರೋದಾದ್ರೆ ಸುಮ್ಮನೆ ಉದ್ಧರಣ ಚಿಹ್ನೆ ಹಾಕಿ, ಅವರ ವಾಕ್ಯವನ್ನೇ ಕೊಡಿ.

ಎರಡನೇ ರೀತಿ ಅನುವಾದ. ಮೂಲ ಇಂಗ್ಲಿಷಲ್ಲಿತ್ತು ಅಂದುಕೊಳ್ಳಿ, ಅದನ್ನ ಕನ್ನಡಕ್ಕೆ ತಂದಾಗ ಒಂದೊಂದು ಪದವೂ ನಾವೇ ಹುಡುಕಿದ್ದು ನಿಜ. ಅದಕ್ಕೆ ಅನುವಾದಕರು ಅಂತ ಹೆಸರು ಬರಬಹುದು, ಸಂಶೋಧಕರು ಅಂತ ಅಲ್ಲ. ನೇರ ಅನುವಾದ ಆದ್ರೆ ಉದ್ಧರಣ ಚಿಹ್ನೆಯೊಳಗೆ ಹಾಕಿ, ಮೂಲದ ಪುಟ ಕೊಟ್ಟು, "ಅನುವಾದ ನನ್ನದು" ಅಂತ ಅಡಿಟಿಪ್ಪಣಿಯಲ್ಲಿ ಸೇರಿಸಬೇಕು. ಸೀನಿಯರ್ ಪ್ರಬಂಧದಲ್ಲಿ ಇರದೇ ಇದ್ದಿದ್ದು ಇದೇ. ಗ್ರಂಥಸೂಚಿಯಲ್ಲಿ ಹೆಸರಿದ್ರೆ ಓದುಗರಿಗೆ ಗೊತ್ತಾಗೋದು ನೀವು ಆ ಲೇಖನ ಓದಿದ್ರಿ ಅಂತ ಮಾತ್ರ. ಯಾವ ಪ್ಯಾರಾ ಅವರದು, ಯಾವುದು ನಿಮ್ಮದು ಅಂತ ಗ್ರಂಥಸೂಚಿ ಹೇಳಲ್ಲ.

ಮೂರನೇದನ್ನ ಬರೆಯೋಕೆ ಮುಂಚೆ ಪುಸ್ತಕ ಮುಚ್ಚಿ ಅಂದ್ರು. ಮುಚ್ಚಿ, ಆ ಲೇಖಕರ ವಾದ ಏನು ಅಂತ ಒಂದೇ ವಾಕ್ಯದಲ್ಲಿ ಬಾಯಲ್ಲಿ ಹೇಳು. ನಾನು ಹೇಳಿದ್ದು: ಊರು ನೀರಗಂಟಿಯನ್ನ ನಂಬಿದ್ದು ಅವನಿಗೆ ಜಮೀನಿಲ್ಲ ಅನ್ನೋ ಕಾರಣಕ್ಕೆ, ಅನ್ನೋದು ಅವರ ವಾದ. "ನಿನ್ನ ಊರುಗಳಲ್ಲಿ ಹಾಗೇ ಇತ್ತಾ?" ಅಂದ್ರು.

ಇರಲಿಲ್ಲ. ನಾನು ಮಾತಾಡಿಸಿದ ಮೂವರಲ್ಲಿ ಒಬ್ಬರಿಗೆ ಅದೇ ಅಚ್ಚುಕಟ್ಟಲ್ಲಿ ಗದ್ದೆ ಇತ್ತು, ಅದೂ ತೂಬಿನ ಪಕ್ಕದಲ್ಲೇ. ಆದ್ರೂ ಊರು ಅವರ ಮಾತು ಕೇಳ್ತಿತ್ತು. ಯಾಕೆ ಅಂದ್ರೆ, ನೀರು ಕಡಿಮೆ ಇದ್ದ ವರ್ಷ ಅವರು ತಮ್ಮ ಗದ್ದೆಗೆ ಎಲ್ಲರಿಗಿಂತ ಕೊನೆಗೆ ನೀರು ಕಟ್ಟಿಕೊಳ್ತಿದ್ರಂತೆ.

ಆಗ ಪ್ಯಾರಾ ತಾನಾಗೇ ಬೇರೆ ಆಯ್ತು: "ನೀರಗಂಟಿಯ ಭೂರಹಿತತೆಯೇ ಅವನ ಮೇಲಿನ ನಂಬಿಕೆಗೆ ಆಧಾರ ಎಂದು ಈ ಲೇಖಕರು ವಾದಿಸುತ್ತಾರೆ (ಇಲ್ಲಿ ಪುಟಸಂಖ್ಯೆಯ ಟಿಪ್ಪಣಿ). ಆದರೆ ನನ್ನ ಕ್ಷೇತ್ರಕಾರ್ಯದಲ್ಲಿ ಸಿಕ್ಕ ಒಂದು ಉದಾಹರಣೆ ಇದಕ್ಕೆ ಹೊಂದುವುದಿಲ್ಲ..." ಗಮನಿಸಿ, ಅವರ ಹೆಸರನ್ನ ಮುಚ್ಚಿಟ್ಟಿದ್ರೆ ನಾನು ಅವರ ಜೊತೆ ಜಗಳ ಆಡೋಕೆ ಆಗ್ತಾನೇ ಇರಲಿಲ್ಲ. ಇಡೀ ಅಧ್ಯಾಯದಲ್ಲಿ ನಂದು ಅಂತ ಏನಾದ್ರೂ ಇದ್ರೆ ಅದು ಈ "ಆದರೆ" ಆದ್ಮೇಲೆ ಬರೋ ಮೂರು ಪುಟ.

(6)

ಅಡಿಟಿಪ್ಪಣಿ ಪ್ರಶ್ನೆಗೆ ಬರ್ತೀನಿ. ಇತಿಹಾಸದವರು, ಹಳಗನ್ನಡದವರು ಇದನ್ನ ಓದಲೇಬೇಕು. ಕೆರೆ ಕಟ್ಟಿಸಿದ, ಕೆರೆಗೆ ದತ್ತಿ ಬಿಟ್ಟ ಶಾಸನಗಳಿಗೆ ನಾವೆಲ್ಲ ಹೋಗೋದು ಎಪಿಗ್ರಾಫಿಯಾ ಕರ್ನಾಟಿಕಾಗೆ. ಆದ್ರೆ ನಿಜವಾಗಿ ಏನಾಗುತ್ತೆ? ಯಾವುದೋ ಈಚಿನ ಪುಸ್ತಕದಲ್ಲಿ ಶಾಸನದ ಎರಡು ಸಾಲು, ಕೆಳಗೆ ಸಂಪುಟ, ತಾಲೂಕು, ಶಾಸನ ಸಂಖ್ಯೆ ಇರುತ್ತೆ. ನಾವು ಸಂಪುಟ ಮುಟ್ಟದೆ ಆ ಟಿಪ್ಪಣಿಯನ್ನ ಹಾಗೇ ಇಳಿಸ್ತೀವಿ. ಸಾಲು ಶಾಸನದ್ದು, ಅದಕ್ಕೆ ಮೂಲವನ್ನೂ ಹೇಳಿದೀವಿ, ಇನ್ನೇನು ತಪ್ಪು?

ತಪ್ಪು ಇರೋದು ಇಲ್ಲಿ: ಸಾವಿರಾರು ಶಾಸನಗಳ ಮಧ್ಯೆ ಆ ಎರಡು ಸಾಲನ್ನ ಹುಡುಕಿ, ಅದು ಕೆರೆಗೆ ಸಂಬಂಧಿಸಿದ್ದು ಅಂತ ಓದಿದ್ದು ಆ ಪುಸ್ತಕದವರು. ಹುಡುಕಿದ ಶ್ರಮ ಅವರದು, ಹುಡುಕಿದ ಹಾಗೆ ಕಾಣೋದು ನಾವು.

ಇದು ಸಿಕ್ಕಿಬೀಳೋದೂ ಸುಲಭ. ಬಿ. ಎಲ್. ರೈಸ್ ಕಾಲದ ಹಳೇ ಸಂಪುಟಗಳಿವೆ, ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳು ಬಂದ್ವು. ಎರಡರಲ್ಲೂ ತಾಲೂಕುಗಳ ಹಂಚಿಕೆ ಒಂದೇ ಥರ ಇಲ್ಲ, ಒಂದೇ ಶಾಸನಕ್ಕೆ ಸಂಖ್ಯೆ ಬೇರೆ ಇರುತ್ತೆ. ಟಿಪ್ಪಣಿಯಲ್ಲಿ ಹಳೇ ಸಂಖ್ಯೆ, ಗ್ರಂಥಸೂಚಿಯಲ್ಲಿ ಹೊಸ ಆವೃತ್ತಿ ಇದ್ದರೆ, ಈ ಹುಡುಗ ಸಂಪುಟ ತೆರೆದಿಲ್ಲ ಅಂತ ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತೆ. ಮೂಲ ಪುಸ್ತಕದಲ್ಲಿದ್ದ ಅಚ್ಚಿನ ತಪ್ಪು ನಮ್ಮ ಟಿಪ್ಪಣಿಗೂ ಬಂದ್ರೆ ಕಥೆ ಮುಗೀತು. ದಾರಿ ಎರಡೇ. ಗ್ರಂಥಾಲಯಕ್ಕೆ ಹೋಗಿ ಸಂಪುಟ ತೆಗೆದು ನೋಡಿ, ಆಗ ನೇರವಾಗಿ ಅದನ್ನೇ ಹೇಳಿ, ದಾರಿ ತೋರಿಸಿದ ಪುಸ್ತಕವನ್ನೂ ನೆನೆಯಿರಿ. ಸಂಪುಟ ಸಿಗಲಿಲ್ಲವಾ, "ಇಂಥವರ ಪುಸ್ತಕದಲ್ಲಿ ಉಲ್ಲೇಖಿತ" ಅಂತ ನಿಜ ಬರೆಯಿರಿ. ಅದರಲ್ಲಿ ಮರ್ಯಾದೆ ಹೋಗೋದೇನೂ ಇಲ್ಲ.

ಹಾಗಂತ ಎಲ್ಲದಕ್ಕೂ ಟಿಪ್ಪಣಿ ಬೇಕಿಲ್ಲ. ಸೂಳೆಕೆರೆ ಚನ್ನಗಿರಿ ತಾಲೂಕಲ್ಲಿದೆ, ಕೆರೆಯ ಹೆಚ್ಚುವರಿ ನೀರು ಕೋಡಿಯಲ್ಲಿ ಹರಿಯುತ್ತೆ, ಇವೆಲ್ಲ ಸಾಮಾನ್ಯ ತಿಳಿವಳಿಕೆ. ಆದ್ರೆ ಆ ಕೆರೆಯ ವಿಸ್ತೀರ್ಣ ಇಷ್ಟು, ಅಚ್ಚುಕಟ್ಟು ಇಷ್ಟು ಅಂತ ಅಂಕಿ ಕೊಟ್ಟ ಕೂಡಲೇ ಯಾರು ಅಳೆದದ್ದು ಅಂತ ಹೇಳಬೇಕು. ವಚನಕ್ಕೂ ಹೀಗೇ. ಕಾಪಿರೈಟ್ ಇಲ್ಲ ಅಂತ ವಚನಕಾರರ ಹೆಸರು, ಸಂಪಾದಿತ ಆವೃತ್ತಿ ಬಿಡೋ ಹಾಗಿಲ್ಲ. ಕಾಪಿರೈಟ್ ಪ್ರಶ್ನೆ ಅಚ್ಚು ಹಾಕೋ ಹಕ್ಕಿನದು, ಕೃತಿಚೌರ್ಯದ ಪ್ರಶ್ನೆ ಹೆಸರಿನದು. ಹಕ್ಕಿನ ಅವಧಿ ಮುಗಿದ್ರೂ ಹೆಸರಿನ ಋಣ ಮುಗಿಯಲ್ಲ.

ನನ್ನದೇ ಸೆಮಿನಾರ್ ಪೇಪರಿನ ನಾಲ್ಕು ಪುಟದ ಬಗ್ಗೆ ಅಂಚಿನಲ್ಲಿ ಚಿಕ್ಕದಾಗಿ ಬರೆದಿದ್ರು: "ಒಮ್ಮೆ ಅಂಕ ಪಡೆದ ಕೆಲಸಕ್ಕೆ ಮತ್ತೆ ಅಂಕ ಕೇಳುತ್ತಿದ್ದೀ. ಬಳಸು, ಆದರೆ ಅಧ್ಯಾಯದ ಮೊದಲ ಟಿಪ್ಪಣಿಯಲ್ಲಿ ಹೇಳು. ವಿಭಾಗದ ಒಪ್ಪಿಗೆಯನ್ನು ಬರಹದಲ್ಲಿ ತಗೋ." ಅಷ್ಟೇ.

(7)

ಕೊನೇದು ತಾತನ ಮಾತು. ಇಲ್ಲಿ ಮೇಡಂ ಪೆನ್ಸಿಲ್ ಕೆಳಗಿಟ್ರು. ಜಾನಪದದವರು ವಕ್ತೃ ಅಂತಾರಲ್ಲ, ಅವರ ಹೆಸರು, ಊರು, ವಯಸ್ಸು, ಮಾತಾಡಿದ ದಿನಾಂಕ ಅನುಬಂಧದಲ್ಲಿ ಬರುತ್ತೆ. ಅದು ಸಾಲದು ಅಂತ ಅವರ ಅಭಿಪ್ರಾಯ. ಅನುಬಂಧದಲ್ಲಿ ಹೆಸರು ಹಾಕಿ ಒಳಗಡೆ "ಕ್ಷೇತ್ರಕಾರ್ಯದಿಂದ ತಿಳಿದುಬಂದಂತೆ" ಅಂತ ಬರೆದ್ರೆ, ಗ್ರಂಥಸೂಚಿಯಲ್ಲಿ ಮಾತ್ರ ಹೆಸರಿಟ್ಟ ಸೀನಿಯರಿಗೂ ನಮಗೂ ಏನು ವ್ಯತ್ಯಾಸ? ಪ್ರೊಫೆಸರ್ ಹೇಳಿದ್ರೆ "ಅವರು ವಾದಿಸುತ್ತಾರೆ", ನೀರಗಂಟಿ ಹೇಳಿದ್ರೆ "ತಿಳಿದುಬಂದಿದೆ". ನಂಬಿಕೆ ಬರಬೇಕಾದ್ರೆ ನೀರು ಕಟ್ಟೋನು ಕೊನೇಲಿ ತನ್ನ ಗದ್ದೆಗೆ ಕಟ್ಟಿಕೊಳ್ಳಬೇಕು ಅನ್ನೋದು ಒಂದು ವಿಚಾರ. ಅದನ್ನ ಯೋಚಿಸಿದ್ದು ತಾತ. ಯುಜಿಸಿ ವ್ಯಾಖ್ಯಾನದಲ್ಲಿ "ವಿಚಾರ" ಅಂತ ಇದೆ, ಅಚ್ಚಾದ ವಿಚಾರ ಅಂತ ಇಲ್ಲ.

ಆದ್ರೆ ಹೆಸರು ಹಾಕೋಕೆ ಅವರ ಒಪ್ಪಿಗೆ ಬೇಕು. ಊರೊಳಗಿನ ಜಗಳದ ಮಾತಾದ್ರೆ ಹೆಸರು ಬೇಡ ಅನ್ನೋರೂ ಇರ್ತಾರೆ. ಆಗ "ಒಬ್ಬ ನೀರಗಂಟಿ, ಹೆಸರು ಅವರ ಕೋರಿಕೆಯಂತೆ ಬಿಟ್ಟಿದೆ" ಅಂತ ಬರೆದು, ಮಾತು ಅವರದ್ದೇ ಅಂತ ಉಳಿಸಬೇಕು. ಹೋದ ಭಾನುವಾರ ಬಸ್ ಹತ್ತಿ ಹೋಗಿ, ಆ ಪ್ಯಾರಾ ಪೂರ್ತಿ ಓದಿ ಹೇಳಿ, ಹೆಸರು ಹಾಕ್ಲಾ ತಾತ ಅಂತ ಕೇಳಿದೆ. ಎಲೆಅಡಿಕೆ ಬಾಯಲ್ಲಿಟ್ಕೊಂಡೇ ಕೇಳಿಸಿಕೊಂಡ್ರು. ಒಂದು ಕಡೆ ನಿಲ್ಲಿಸಿ ತಿದ್ದಿದ್ರು, ತಮ್ಮ ಗದ್ದೆ ಇರೋದು ದೊಡ್ಡ ತೂಬಿನ ಹತ್ರ ಅಲ್ಲ, ಚಿಕ್ಕ ತೂಬಿನ ಹತ್ರ ಅಂತೆ. ಆಮೇಲೆ ಅಂದ್ರು: "ಹಾಕಪ್ಪ, ಹಾಕು. ನಮ್ಮಪ್ಪನ ಹೆಸರೂ ಸೇರಿಸು. ನಂಗೆ ಹೇಳಿಕೊಟ್ಟಿದ್ದು ಅವ್ನು."